ಮೊದಲ ಎಲ್‌ಸಿ, 40,000 ಡಾಲರ್: ಮಾಲು ಕೆಟ್ಟಿದ್ದರೆ ಹಣ ನಿಲ್ಲುತ್ತದೆಯೇ, ಒಟ್ಟು ಖರ್ಚು ಎಷ್ಟು?

ಹೊಸಪಂಪು

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಹೈಡ್ರಾಲಿಕ್ ಪಂಪ್‌ಗಳನ್ನು ಮಧ್ಯವರ್ತಿಯ ಮೂಲಕ ಕೊಳ್ಳುತ್ತಿದ್ದೆ. ಈ ಸಲ ನೇರವಾಗಿ ತಯಾರಕರಿಂದ ತರಿಸುವ ಯೋಚನೆ. 400 ಪಂಪ್, ಒಂದಕ್ಕೆ 100 ಡಾಲರ್, ಒಟ್ಟು 40,000 ಡಾಲರ್. ಸಿಐಎಫ್ ದರ, ಅಂದರೆ ಹಡಗಿನ ಬಾಡಿಗೆ, ವಿಮೆ ಸೇರಿ. ಮಾಲು ತಯಾರಾಗಲು 45 ದಿನ, ಹಡಗಿನಲ್ಲಿ ಸುಮಾರು 25 ದಿನ.

ಮಾರುವವರು ಎರಡು ದಾರಿ ಕೊಟ್ಟಿದ್ದಾರೆ. ಒಂದು, 30% ಮುಂಗಡ, ಉಳಿದ 70% ಮಾಲು ಹಡಗಿಗೆ ಹೋಗುವ ಮುಂಚೆ. ಇನ್ನೊಂದು, ಸೈಟ್ ಎಲ್‌ಸಿ, ಅಂದರೆ ಸರಿಯಾದ ಕಾಗದಪತ್ರ ಬಂದ ಕೂಡಲೇ ಹಣ ಕೊಡುತ್ತೇನೆಂದು ನನ್ನ ಬ್ಯಾಂಕ್ ಬರೆದುಕೊಡುವ ಲೆಟರ್ ಆಫ್ ಕ್ರೆಡಿಟ್. ಅವರ ಪ್ರೊಫಾರ್ಮಾ ಇನ್‌ವಾಯ್ಸ್‌ನಲ್ಲಿ ಎಲ್‌ಸಿ 100 ದಿನ ಚಾಲ್ತಿಯಲ್ಲಿರಬೇಕು ಎಂದಿದೆ.

ನನ್ನ ಬ್ಯಾಂಕ್ ಕೊಟ್ಟ ದರಪಟ್ಟಿ ಹೀಗಿದೆ. ಎಲ್‌ಸಿ ತೆರೆಯಲು ಮೂರು ತಿಂಗಳಿಗೆ 0.3%. ಬ್ಯಾಂಕ್‌ನಿಂದ ಬ್ಯಾಂಕ್‌ಗೆ ಹೋಗುವ ಸ್ವಿಫ್ಟ್ ಸಂದೇಶಕ್ಕೆ 40 ಡಾಲರ್. ಕಾಗದಪತ್ರ ಬಂದಾಗ ಪರಿಶೀಲನೆಗೆ ಕನಿಷ್ಠ 75. ತಿದ್ದುಪಡಿಗೆ ಸಂದೇಶ ಸೇರಿ 80. ಮಾರ್ಜಿನ್ 20% ಇಡಬೇಕು, ಅದಕ್ಕೆ ಬಡ್ಡಿ ಇಲ್ಲ.

ಎರಡೇ ಪ್ರಶ್ನೆ. ಪಂಪ್ ಕಳಪೆಯಾಗಿ ಬಂದರೆ ಎಲ್‌ಸಿ ನನ್ನನ್ನು ಕಾಪಾಡುತ್ತದೆಯೇ? ಮತ್ತೆ, ಕೊನೆಗೆ ಕೈಯಿಂದ ಎಷ್ಟು ಹೋಗುತ್ತದೆ?

ಮೂಲೆಅಂಗಡಿ

ಯೋಚನೆಯೇ ಬೇಡ, ಎಲ್‌ಸಿ ಮಾಡಿ. ಮುಂಗಡ ಕೊಟ್ಟರೆ ಹೋದ ಹಾಗೇ. ಎಲ್‌ಸಿಯಲ್ಲಿ ಹಣ ಬ್ಯಾಂಕ್ ಕೈಯಲ್ಲಿ ಇರುತ್ತದೆ. ಮಾರುವವನು ಎಲ್ಲ ಕಾಗದ ಸರಿಯಾಗಿ ಕೊಟ್ಟರೆ ಮಾತ್ರ ಕೊಡುತ್ತಾರೆ. ಮಾಲು ಸರಿ ಇಲ್ಲ ಅಂದರೆ ಬ್ಯಾಂಕ್‌ಗೆ ಒಂದು ಪತ್ರ ಬರೆದು ಹಣ ನಿಲ್ಲಿಸಬಹುದು. ನಿಮ್ಮದೇ ಹಣ ಅಲ್ವಾ?

ಹಳೇ ಟ್ರೇಡ್ ಡೆಸ್ಕ್

ಮೂಲೆಅಂಗಡಿಯವರು ಹೇಳಿದ್ದರಲ್ಲಿ ಕಾಗದದ ಮಾತು ಸರಿ, ಪತ್ರದ ಮಾತು ತಪ್ಪು. ಆ ತಪ್ಪನ್ನು ನಂಬಿಕೊಂಡೇ ಜನ ಮೊದಲ ಎಲ್‌ಸಿಯಲ್ಲಿ ಸಿಕ್ಕಿಬೀಳುತ್ತಾರೆ. ನಾನು ಬ್ಯಾಂಕ್‌ನಲ್ಲಿ ಈ ಕಾಗದಗಳನ್ನು ನೋಡುವ ಮೇಜಿನಲ್ಲೇ ಬಹಳ ಕಾಲ ಕೂತವನು, ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಎಲ್‌ಸಿಗಳೆಲ್ಲ ಹೆಚ್ಚುಕಡಿಮೆ ಯುಸಿಪಿ 600 ಎಂಬ ನಿಯಮಗಳ ಮೇಲೆ ನಡೆಯುತ್ತವೆ. ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯದು, 2007ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 4 ಮತ್ತು 5ನೇ ಕಲಮುಗಳನ್ನು ಓದಿದರೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಸಿಗುತ್ತದೆ. ನೀವು ಮತ್ತು ಮಾರುವವರು ಮಾಡಿಕೊಂಡ ಒಪ್ಪಂದ ಬೇರೆ, ಎಲ್‌ಸಿ ಬೇರೆ. ಬ್ಯಾಂಕ್‌ಗೆ ಒಪ್ಪಂದದ ಗೊಡವೆ ಇಲ್ಲ. ಬ್ಯಾಂಕ್ ವ್ಯವಹರಿಸುವುದು ಕಾಗದಗಳ ಜೊತೆ, ಪಂಪ್‌ಗಳ ಜೊತೆ ಅಲ್ಲ. ಎಲ್‌ಸಿಯಲ್ಲಿ ಕೇಳಿದ ಕಾಗದಗಳು ಮೇಲುನೋಟಕ್ಕೆ ಸರಿಯಾಗಿದ್ದರೆ ಅದು ಹಣ ಕೊಡಲೇಬೇಕು. ಪೆಟ್ಟಿಗೆ ತೆಗೆದಾಗ ಒಳಗೆ ತುಕ್ಕು ಹಿಡಿದ ಕಬ್ಬಿಣ ಇದ್ದರೂ ಅದು ಬ್ಯಾಂಕ್‌ನ ಸಮಸ್ಯೆ ಅಲ್ಲ. ನಿಮ್ಮ ಪತ್ರವನ್ನು ಕಡತಕ್ಕೆ ಸೇರಿಸುತ್ತಾರೆ, ಅಷ್ಟೇ.

ಇನ್ನೊಂದು ಮಾತು. ಎಲ್‌ಸಿ ತೆರೆದ ಮೇಲೆ ಮಾರುವವರ ಒಪ್ಪಿಗೆ ಇಲ್ಲದೆ ಅದನ್ನು ರದ್ದು ಮಾಡುವುದಾಗಲಿ ಬದಲಿಸುವುದಾಗಲಿ ಆಗುವುದಿಲ್ಲ. ಮಾರುವವರಿಗೆ ಸಿಗುವ ರಕ್ಷಣೆ ಇದೇ. ನೀವು ಮನಸ್ಸು ಬದಲಿಸಿದರೂ, ನಿಮ್ಮ ಅಂಗಡಿ ಮುಳುಗಿದರೂ, ಕೊಡುತ್ತೇನೆಂದು ಮಾತು ಕೊಟ್ಟದ್ದು ಬ್ಯಾಂಕ್. ಕೊಟ್ಟಾದ ಮೇಲೆ ಬ್ಯಾಂಕ್ ನಿಮ್ಮಿಂದ ವಸೂಲಿ ಮಾಡುತ್ತದೆ.

ನಿಮಗೆ ಸಿಗುವ ರಕ್ಷಣೆ ಬೇರೆ ಥರದ್ದು. ಮಾಲು ಹಡಗಿಗೆ ಏರಿದೆ ಎಂಬ ಬಿಲ್ ಆಫ್ ಲೇಡಿಂಗ್ ಬಾರದೆ ಹಣ ಹೋಗುವುದಿಲ್ಲ. ನೀವು ಹೇಳಿದ ಕೊನೆ ದಿನ ದಾಟಿ ಮಾಲು ಏರಿದರೆ, ಹಣ ಕೊಡಲೇಬೇಕೆಂಬ ಕಟ್ಟು ತಪ್ಪುತ್ತದೆ. ಅಂದರೆ ಹಣ ತೆಗೆದುಕೊಂಡು ಮಾಲೇ ಕಳಿಸದೆ ಕೂರುವವರಿಂದ, ಎಲ್ಲವನ್ನೂ ಎಳೆದಾಡುವವರಿಂದ ಎಲ್‌ಸಿ ಕಾಪಾಡುತ್ತದೆ. ಕಳಪೆ ಮಾಲಿನಿಂದ ತನ್ನಷ್ಟಕ್ಕೆ ತಾನೇ ಕಾಪಾಡುವುದಿಲ್ಲ.

ಮೂಲೆಅಂಗಡಿ

ಮೋಸ ಆದರೂ ಕೊಡಬೇಕೇ? ಕೋರ್ಟಿಗೆ ಹೋಗಿ ತಡೆ ತಂದವರ ಬಗ್ಗೆ ಕೇಳಿದ್ದೇನೆ.

ಹಳೇ ಟ್ರೇಡ್ ಡೆಸ್ಕ್

ಹೌದು, ಆ ಬಾಗಿಲು ಇದೆ, ಆದರೆ ಬಹಳ ಕಿರಿದು. 1941ರಲ್ಲಿ ನ್ಯೂಯಾರ್ಕ್‌ನಲ್ಲಿ ಸ್ಟೇನ್ ಎಂಬ ಖರೀದಿದಾರರ ಪ್ರಕರಣ ನಡೆಯಿತು. ಬ್ರಷ್ ಮಾಡುವ ಬಿರುಗೂದಲಿಗೆ ಎಲ್‌ಸಿ ತೆರೆದಿದ್ದರು. ಪೆಟ್ಟಿಗೆಗಳಲ್ಲಿ ತುಂಬಿದ್ದು ಹಸುವಿನ ಕೂದಲು ಮತ್ತು ಕಸ ಎಂಬುದು ಅವರ ದೂರು. ಹಣ ಹೋಗುವ ಮುಂಚೆಯೇ ಮೊರೆಹೋಗಿದ್ದರಿಂದ ಕೋರ್ಟ್ ಅವರ ಮಾತಿಗೆ ಕಿವಿ ಕೊಟ್ಟಿತು. ಆದರೆ ಅದೇ ತೀರ್ಪು ಇನ್ನೊಂದನ್ನೂ ಹೇಳಿತು. ಮಾಲಿನ ಗುಣಮಟ್ಟದ ಬಗ್ಗೆ ಬರೀ ತಕರಾರು ಇದ್ದರೆ ಬ್ಯಾಂಕ್ ಹಣ ಕೊಡುವುದನ್ನು ಕೋರ್ಟ್ ತಡೆಯುವುದಿಲ್ಲ. ಬೇಕೆಂದೇ ಮಾಡಿದ ಮೋಸ ಇರಬೇಕು. ಮೋಸದ ಅರಿವಿಲ್ಲದೆ ನಡುವಿನ ಬ್ಯಾಂಕ್ ಆಗಲೇ ಹಣ ಕೊಟ್ಟಿದ್ದರೆ ಕಥೆಯೇ ಬೇರೆ. 40,000 ಡಾಲರ್‌ಗೆ ಎರಡು ದೇಶಗಳ ವಕೀಲರನ್ನು ಹಿಡಿಯುವುದು ಲೆಕ್ಕಕ್ಕೆ ಬರುವುದಿಲ್ಲ.

ಹೊಸಪಂಪು

ಹಾಗಾದರೆ ಗುಣಮಟ್ಟಕ್ಕೆ ನಾನೇನು ಮಾಡಲಿ? ಅರ್ಜಿ ಫಾರಂನಲ್ಲಿ ‘ಮಾಲು ಹೊಸದಾಗಿರಬೇಕು, 210 ಬಾರ್ ಒತ್ತಡ ತಡೆಯಬೇಕು’ ಎಂದು ಬರೆದಿದ್ದೇನೆ. ಸಾಲದೇ?

ಹಳೇ ಟ್ರೇಡ್ ಡೆಸ್ಕ್

ಸಾಲದು. ಒಂದು ಷರತ್ತು ಹಾಕಿ, ಅದನ್ನು ತೋರಿಸುವ ಕಾಗದ ಯಾವುದು ಎಂದು ಹೇಳದಿದ್ದರೆ, ಬ್ಯಾಂಕ್ ಆ ಷರತ್ತೇ ಇಲ್ಲ ಎಂಬಂತೆ ನಡೆದುಕೊಳ್ಳುತ್ತದೆ. ಯುಸಿಪಿಯ 14ನೇ ಕಲಮಿನಲ್ಲೇ ಹಾಗಿದೆ. 210 ಬಾರ್ ಎಂಬುದು ನಿಮಗೆ ಸಮಾಧಾನ ಕೊಡುತ್ತದೆ, ಕಾಗದ ನೋಡುವವನಿಗೆ ಅದರಿಂದ ಏನೂ ಆಗಬೇಕಿಲ್ಲ.

ದಾರಿ ಒಂದೇ. ಗುಣಮಟ್ಟವನ್ನು ಕಾಗದವಾಗಿ ಮಾಡಿ. ಎಲ್‌ಸಿಯ 46A ಎಂಬ ಜಾಗದಲ್ಲಿ ಬೇಕಾದ ಕಾಗದಗಳ ಪಟ್ಟಿ ಬರುತ್ತದೆ. ಅಲ್ಲಿ ತಪಾಸಣಾ ಪತ್ರ ಕೇಳಿ. ಸುಮ್ನೆ ‘ತಪಾಸಣಾ ಪತ್ರ’ ಎಂದು ಬರೆದರೆ ಪ್ರಯೋಜನವಿಲ್ಲ. ಯಾರು ಕೊಡಬೇಕು ಎಂದು ಹೇಳದಿದ್ದರೆ ಮಾರುವವರೇ ತಮ್ಮ ಲೆಟರ್‌ಹೆಡ್‌ನಲ್ಲಿ ಬರೆದು ಕೊಡಬಹುದು, ಬ್ಯಾಂಕ್ ತೆಗೆದುಕೊಳ್ಳುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ, ಫಲಿತಾಂಶ ಏನಿರಬೇಕು ಎಂದು ಬರೆಯದಿದ್ದರೆ, ‘ತಪಾಸಣೆ ಮಾಡಿದೆವು, ಮಾಲು ಚೆನ್ನಾಗಿಲ್ಲ’ ಎನ್ನುವ ಪತ್ರವೂ ದಾಟಿಹೋಗಬಹುದು.

ಹಾಗಾಗಿ ಮೂರು ವಿಷಯ ಅದೇ ವಾಕ್ಯದಲ್ಲಿ ಇರಲಿ. ಪತ್ರ ಕೊಡುವ ಸಂಸ್ಥೆಯ ಹೆಸರು. ಎಸ್‌ಜಿಎಸ್, ಬ್ಯೂರೋ ವೆರಿಟಾಸ್, ಇಂಟರ್‌ಟೆಕ್ ಇಂಥ ಕೆಲಸ ಮಾಡುತ್ತವೆ. ಆಮೇಲೆ ಯಾವ ನಮೂನೆಯ ಪಂಪ್, ಎಷ್ಟು ಸಂಖ್ಯೆ ಎಂಬುದು. ಕೊನೆಗೆ ಫಲಿತಾಂಶ, ಅಂದರೆ ನಿಮ್ಮ ಆದೇಶದ ಈ ನಂಬರಿನ ವಿವರಪಟ್ಟಿಗೆ ಮಾಲು ಹೊಂದುತ್ತದೆ ಎಂಬ ಮಾತು. ವಿವರಪಟ್ಟಿಯನ್ನು ಎಲ್‌ಸಿಗೆ ತುರುಕಬೇಡಿ. ಅದನ್ನು ತಪಾಸಣಾ ಸಂಸ್ಥೆಗೆ ಬೇರೆಯಾಗಿ ಕೊಡಿ. ಎಲ್‌ಸಿಯಲ್ಲಿ ಪದ ಜಾಸ್ತಿ ಆದಷ್ಟೂ ಕಾಗದ ತಪ್ಪಾಗುವ ಜಾಗವೂ ಜಾಸ್ತಿ.

ತಪಾಸಣೆಯ ಮಿತಿಯೂ ಗೊತ್ತಿರಲಿ. ಅವರು 400 ಪಂಪ್‌ಗಳನ್ನೂ ತೆಗೆದು ನೋಡುವುದಿಲ್ಲ. ಐಎಸ್ಒ 2859-1 ಪಟ್ಟಿಯ ಸಾಮಾನ್ಯ ಮಟ್ಟ 2ರಲ್ಲಿ 400ರ ಲಾಟ್‌ಗೆ 50 ಪಂಪ್ ಎತ್ತಿಕೊಳ್ಳುತ್ತಾರೆ. ಒಪ್ಪಬಹುದಾದ ದೋಷಕ್ಕೆ 2.5%ರ ಮಿತಿ ಇಟ್ಟುಕೊಂಡರೆ 50ರಲ್ಲಿ ದೋಷದವು 3 ಇದ್ದರೂ ಪಾಸ್, 4 ಆದರೆ ಫೇಲ್. ಒತ್ತಡದ ಪರೀಕ್ಷೆ ಬೇಕಿದ್ದರೆ ಆ ಕಾರ್ಖಾನೆಯಲ್ಲಿ ಪರೀಕ್ಷಾ ಬೆಂಚ್ ಇದೆಯೇ ಎಂದು ಮೊದಲೇ ಕೇಳಿ. ಇಲ್ಲದಿದ್ದರೆ ಅವರು ಹೊರಗಿನಿಂದ ಬಣ್ಣ, ಅಳತೆ, ಲೇಬಲ್ ನೋಡಿ ಸಹಿ ಹಾಕುತ್ತಾರೆ.

ರಫ್ತುಕಡೆ

ನಾನು ಮಾರುವ ಕಡೆಯವಳು, ಯಂತ್ರದ ಬಿಡಿಭಾಗ ಕಳಿಸುತ್ತೇನೆ. ಸ್ವತಂತ್ರ ಸಂಸ್ಥೆಯ ತಪಾಸಣೆಗೆ ನಮ್ಮದೇನೂ ಅಡ್ಡಿ ಇಲ್ಲ. ಆದರೆ ಕೆಲವರು ‘ಖರೀದಿದಾರರ ಪ್ರತಿನಿಧಿ ಸಹಿ ಮಾಡಿದ ಪತ್ರ’ ಎಂದು ಹಾಕುತ್ತಾರೆ. ಅಂಥ ಎಲ್‌ಸಿ ಬಂದರೆ ನಾವು ಮಾಲು ಕಟ್ಟುವುದೇ ಇಲ್ಲ, ತಿದ್ದಿ ಕಳಿಸಿ ಎನ್ನುತ್ತೇವೆ. ಆ ಪ್ರತಿನಿಧಿ ಬರದಿದ್ದರೆ ನಮಗೆ ಹಣವೇ ಇಲ್ಲ. ಬ್ಯಾಂಕ್ ಮಾತು ಕೊಟ್ಟಿದೆ ಎಂಬುದಕ್ಕೆ ಆಗ ಅರ್ಥ ಏನು ಉಳಿಯಿತು?

ಹೊಸಪಂಪು ಅವರೇ, ಇನ್ನೊಂದು ಮಾತು. ಎಲ್‌ಸಿ ತೆರೆಯುವ ಮುಂಚೆ ಕರಡನ್ನು ಮಾರುವವರಿಗೆ ಮೇಲ್ ಮಾಡಿ ಒಪ್ಪಿಗೆ ತೆಗೆದುಕೊಳ್ಳಿ. ನಾವು ಕರಡಿನಲ್ಲಿ ಏಳೆಂಟು ಕಡೆ ಗೆರೆ ಹಾಕಿ ವಾಪಸ್ ಕಳಿಸುತ್ತೇವೆ. ಅದಕ್ಕೆ ಖರ್ಚಿಲ್ಲ. ತೆರೆದ ಮೇಲೆ ತಿದ್ದಿದರೆ ಪ್ರತಿ ಸಲ 80 ಡಾಲರ್ ನಿಮ್ಮ ತಲೆಗೆ.

ಹತ್ತಿಬೀಜ

ನಮ್ಮ ಕಡೆ ಹೀಗಿಲ್ಲವಲ್ಲ? ನಾವು ಪೂರೈಕೆದಾರರಿಗೆ ಎಲ್‌ಸಿ ಕೊಟ್ಟಿದ್ದೇವೆ, ಅದು ಸುಮ್ಮನೆ ಬೀರುವಿನಲ್ಲಿ ಇರುತ್ತದೆ. ಪ್ರತಿ ತಿಂಗಳು ನಾವೇ ನೇರ ಹಣ ಕಳಿಸುತ್ತೇವೆ. ನಾವು ಕೊಡದಿದ್ದರೆ ಮಾತ್ರ ಅವರು ಬ್ಯಾಂಕ್‌ಗೆ ಹೋಗಬೇಕು. ಕಾಗದ ಗೀಗದ ಇಷ್ಟು ತಲೆನೋವು ಯಾಕೆ?

ಹಳೇ ಟ್ರೇಡ್ ಡೆಸ್ಕ್

ನಿಮ್ಮದು ಸ್ಟ್ಯಾಂಡ್‌ಬೈ ಎಲ್‌ಸಿ ಇರಬೇಕು. ಅದು ಗ್ಯಾರಂಟಿಯ ಜಾತಿ, ಹಣ ತಪ್ಪಿದಾಗ ಮಾತ್ರ ಎದ್ದು ಬರುತ್ತದೆ. ಹೊಸಪಂಪು ಅವರು ಕೇಳುತ್ತಿರುವುದರಲ್ಲಿ ಹಣ ಹೋಗುವ ದಾರಿಯೇ ಎಲ್‌ಸಿ. ಒಬ್ಬರಿಂದಲೇ ತಿಂಗಳು ತಿಂಗಳು ತರಿಸುವವರಿಗೆ ನಿಮ್ಮದು ಚೆನ್ನಾಗಿದೆ. ಮೊದಲ ಸಲ ಕೊಳ್ಳುವವರಿಗೆ ಅದು ಮಾರುವವರನ್ನಷ್ಟೇ ಕಾಪಾಡುತ್ತದೆ.

ಲೆಕ್ಕಬುಕ್ಕು

ಖರ್ಚಿನ ಪ್ರಶ್ನೆಗೆ ಯಾರೂ ಬರಲೇ ಇಲ್ಲ. ನಾನು ಸಣ್ಣ ಆಮದುದಾರರ ಲೆಕ್ಕ ಬರೆಯುವವನು. ನಿಮ್ಮದೇ ದರಪಟ್ಟಿ ಇಟ್ಟುಕೊಂಡು ನೋಡೋಣ.

40,000ಕ್ಕೆ 0.3% ಅಂದರೆ 120 ಡಾಲರ್. ಇಲ್ಲೊಂದು ಗುಟ್ಟಿದೆ. ಹೆಚ್ಚಿನ ದರಪಟ್ಟಿಗಳಲ್ಲಿ ‘ಮೂರು ತಿಂಗಳು ಅಥವಾ ಅದರ ಭಾಗಕ್ಕೆ’ ಎಂದು ಇರುತ್ತದೆ. ನಿಮ್ಮ ಪ್ರೊಫಾರ್ಮಾದಲ್ಲಿ 100 ದಿನ. 90 ದಾಟಿದ ಹತ್ತು ದಿನಕ್ಕೂ ಪೂರ್ತಿ ಇನ್ನೊಂದು ಮೂರು ತಿಂಗಳ ಕಮಿಷನ್. ಅಂದರೆ 240. ಆ 100 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂದು ಕೇಳಿ, ಯಾರೋ ದುಂಡಗೆ ಬರೆದಿರುತ್ತಾರೆ.

240ರ ಜೊತೆಗೆ ಸ್ವಿಫ್ಟ್ 40, ಕಾಗದ ಪರಿಶೀಲನೆ 75. ಒಟ್ಟು 355. ಇದು ದರಪಟ್ಟಿಯಲ್ಲಿ ಕಾಣುವ ಖರ್ಚು.

ಕಾಣದ ಖರ್ಚು ಮಾರ್ಜಿನ್. 20% ಅಂದರೆ 8,000 ಡಾಲರ್ ಬ್ಯಾಂಕ್‌ನಲ್ಲಿ ಬಡ್ಡಿ ಇಲ್ಲದೆ ಕೂರುತ್ತದೆ. ನೀವು ವ್ಯಾಪಾರಕ್ಕೆ ವರ್ಷಕ್ಕೆ 10% ಬಡ್ಡಿಯಲ್ಲಿ ಸಾಲ ಎತ್ತುವವರಾದರೆ 100 ದಿನಕ್ಕೆ ಸುಮಾರು 220 ಡಾಲರ್. ಕಮಿಷನ್‌ಗೆ ಸಮ ಸಮ ಬಂತು ನೋಡಿ. ಹಾಗಾಗಿ ಬ್ಯಾಂಕ್ ಜೊತೆ ಚೌಕಾಸಿ ಮಾಡುವಾಗ ಜನ 0.3ನ್ನು 0.25 ಮಾಡಿ ಎಂದು ಜಗ್ಗಾಡುತ್ತಾರೆ, ಅದರಲ್ಲಿ ಮೂರು ತಿಂಗಳಿಗೆ ಉಳಿಯುವುದು 20 ಡಾಲರ್. ಮಾರ್ಜಿನ್ ಅರ್ಧಕ್ಕೆ ಇಳಿಸಿ, ಇಲ್ಲವೇ ಆ 8,000ವನ್ನು ಬಡ್ಡಿ ಬರುವ ಠೇವಣಿಯಾಗಿ ಇಡಲು ಬಿಡಿ ಎಂದು ಕೇಳುವುದು ವಾಸಿ.

ಹೊಸಪಂಪು

ಅಬ್ಬಾ, 90 ದಿನದ ವಿಷಯ ಯಾರೂ ಹೇಳಿರಲಿಲ್ಲ. ಹಾಗಾದರೆ 100ನ್ನು 90ರ ಒಳಗೆ ತರಲು ಆಗುತ್ತದೆಯೇ? ಮಾರುವವರ ಬ್ಯಾಂಕ್‌ನ ಖರ್ಚು ಯಾರದು?

ಹಳೇ ಟ್ರೇಡ್ ಡೆಸ್ಕ್

ಆರಾಮಾಗಿ ಆಗುತ್ತದೆ. ಎಲ್‌ಸಿಯಲ್ಲಿ ದಿನಾಂಕಗಳು ಎರಡು. ಮಾಲು ಹಡಗಿಗೆ ಏರಬೇಕಾದ ಕೊನೆ ದಿನ, ಮತ್ತು ಎಲ್‌ಸಿ ಮುಗಿಯುವ ದಿನ. ತಯಾರಿಗೆ 45 ದಿನ, ತಪಾಸಣೆಗೆ ಮತ್ತು ಹಡಗಿನಲ್ಲಿ ಜಾಗ ಸಿಗಲು 15 ದಿನ. ಅಲ್ಲಿಗೆ 60ನೇ ದಿನ ಸಾಗಣೆಯ ಕೊನೆ. ಅದಾದ ಮೇಲೆ ಮಾರುವವರು ಕಾಗದ ಜೋಡಿಸಿ ತಮ್ಮ ಬ್ಯಾಂಕ್‌ಗೆ ಕೊಡಬೇಕು. ಎಲ್‌ಸಿಯಲ್ಲಿ ಏನೂ ಹೇಳದಿದ್ದರೆ ಅದಕ್ಕೆ 21 ದಿನ ಸಿಗುತ್ತದೆ. 60ಕ್ಕೆ 21 ಕೂಡಿದರೆ 81. ಆಗಲೇ 90ರ ಒಳಗೆ ಬಂದಿರಿ.

ಆದರೆ ನಿಮ್ಮ ಹಡಗಿಗೆ 25 ದಿನ. ಅವರು 21 ದಿನ ಕಾಗದ ಇಟ್ಟುಕೊಂಡರೆ, ಆಮೇಲೆ ಅಲ್ಲಿನ ಬ್ಯಾಂಕ್ ನೋಡಲು ಐದು ಬ್ಯಾಂಕ್ ದಿನಗಳವರೆಗೆ, ಕೊರಿಯರ್, ಮತ್ತೆ ನಿಮ್ಮ ಬ್ಯಾಂಕ್‌ಗೆ ಐದು ದಿನಗಳವರೆಗೆ. ಮಾಲು ಬಂದರಿಗೆ ಬಂದು ಕೂತಿರುತ್ತದೆ, ಕಾಗದ ಬಂದಿರುವುದಿಲ್ಲ. ಅದಕ್ಕೇ ಆ 21ನ್ನು ಕಡಿಮೆ ಮಾಡಿ. ನಾನಾದರೆ 10 ಹಾಕುತ್ತೇನೆ.

ಮಾರುವವರ ಕಡೆಯ ಖರ್ಚಿನ ಬಗ್ಗೆ. 71D ಎಂಬ ಜಾಗದಲ್ಲಿ ‘ಹೊರಗಿನ ಎಲ್ಲ ಬ್ಯಾಂಕ್ ಖರ್ಚು ಮಾರುವವರದು’ ಎಂದು ಹಾಕುವುದು ವಾಡಿಕೆ. ಒಂದು ಎಚ್ಚರಿಕೆ ಇದೆ. ಮಾರುವವರು ಮಾಲು ಕಳಿಸಲೇ ಇಲ್ಲ, ಎಲ್‌ಸಿ ಬಳಸಲೇ ಇಲ್ಲ ಅಂದುಕೊಳ್ಳಿ. ಅವರಿಂದ ಮುರಿದುಕೊಳ್ಳಲು ಹಣವೇ ಇರುವುದಿಲ್ಲ. ಆಗ ಆ ಖರ್ಚು ತಿರುಗಿ ನಿಮ್ಮ ಬ್ಯಾಂಕ್‌ಗೆ, ಅಲ್ಲಿಂದ ನಿಮಗೆ ಬರುತ್ತದೆ. ಯುಸಿಪಿ 37ನೇ ಕಲಮು.

ರಫ್ತುಕಡೆ

10 ದಿನ ಬಹಳ ಬಿಗಿ ಆಯಿತು ಸರ್. ಹಡಗು ಕಂಪನಿ ಬಿಲ್ ಆಫ್ ಲೇಡಿಂಗ್ ಕೊಡಲೇ ಮೂರ್ನಾಲ್ಕು ದಿನ. ಮಾಲು ಯಾವ ದೇಶದ್ದು ಎಂಬ ಪ್ರಮಾಣಪತ್ರಕ್ಕೆ ವಾಣಿಜ್ಯ ಮಂಡಳಿಯಲ್ಲಿ ಮುದ್ರೆ, ವಿಮೆ, ತಪಾಸಣಾ ಪತ್ರ. ಒಂದು ರಜೆ ನಡುವೆ ಬಂದರೆ ಮುಗಿಯಿತು, ಕಾಗದ ತಡ ಎಂದು ತಿರಸ್ಕಾರ. 14 ಕೊಡಿ.

‘ಖರ್ಚು ಮಾರುವವರದು’ ಎಂದು ಬರೆದು ಗೆದ್ದೆವು ಎಂದುಕೊಳ್ಳಬೇಡಿ. ನಮ್ಮ ಕಡೆ ಅಡ್ವೈಸಿಂಗ್‌ಗೆ, ಅಂದರೆ ಎಲ್‌ಸಿ ಬಂದಿದೆ ಎಂದು ಬ್ಯಾಂಕ್ ನಮಗೆ ತಿಳಿಸುವುದಕ್ಕೆ 60, ಕಾಗದ ನೋಡಲು 80, ಕೊರಿಯರ್ 50, ಮಧ್ಯದ ಬ್ಯಾಂಕ್ 50. ಒಟ್ಟು 240 ಆಸುಪಾಸು. 400 ಪಂಪ್‌ಗೆ ಹಂಚಿದರೆ ಒಂದಕ್ಕೆ 60 ಸೆಂಟ್. ಅದನ್ನು ನಾವು ದರದಲ್ಲೇ ಸೇರಿಸಿರುತ್ತೇವೆ. ಯಾರ ಹೆಸರಿಗೆ ಬರೆದರೂ ಕೊಡುವವರು ನೀವೇ.

ಹಳೇ ಟ್ರೇಡ್ ಡೆಸ್ಕ್

ಸರಿ, 14 ಇರಲಿ. 60 ಮತ್ತು 14 ಸೇರಿ 74. ಇನ್ನೂ 16 ದಿನ ಉಳಿಯುತ್ತದೆ. ಮುಂದೆ ಸಾಗಣೆ ಒಂದು ವಾರ ತಡವಾಗಿ ತಿದ್ದುಪಡಿ ಮಾಡಬೇಕಾದರೂ ಎರಡನೇ ಕಮಿಷನ್ ಬೀಳುವುದಿಲ್ಲ.

ಬಂದರುಬದಿ

ಮಾಲು ಮೊದಲು ಬಂದು ಕಾಗದ ತಡ ಆದರೆ ಏನಾಗುತ್ತದೆ ಎಂದು ನನ್ನನ್ನು ಕೇಳಿ. ನಾನು ಬಣ್ಣದ ಪುಡಿ ತರಿಸುತ್ತೇನೆ, ಹಡಗು ಬರುವುದು ಆರೇ ದಿನದಲ್ಲಿ. ಕಂಟೇನರ್ ಬಂದರಿನಲ್ಲಿ, ದಿನ ದಿನ ಬಾಡಿಗೆ ಏರುತ್ತಿದೆ. ಬ್ಯಾಂಕ್‌ನವರು ಶಿಪ್ಪಿಂಗ್ ಗ್ಯಾರಂಟಿ ಮಾಡಿಕೊಡುತ್ತೇವೆ, ಬಿಲ್ ಆಫ್ ಲೇಡಿಂಗ್ ಇಲ್ಲದೆಯೇ ಮಾಲು ಬಿಡಿಸಿಕೊಳ್ಳಿ ಎಂದರು. ಅದಕ್ಕೂ ಕಮಿಷನ್. ಸಹಿ ಹಾಕಿದ ಕಾಗದದಲ್ಲಿ, ಮುಂದೆ ಬರುವ ಕಾಗದಗಳಲ್ಲಿ ಏನೇ ತಪ್ಪಿದ್ದರೂ ಒಪ್ಪುತ್ತೇನೆ ಎಂಬ ಸಾಲಿತ್ತು. ಮಾಲು ಬಿಡಿಸಿ ನೋಡಿದರೆ ಎರಡು ಡ್ರಮ್ ಒದ್ದೆ. ವಾರದ ನಂತರ ಕಾಗದ ಬಂತು. ಸಾಗಣೆ ದಿನಾಂಕವೇ ಎರಡು ದಿನ ತಡ! ಬೇರೆ ಹೊತ್ತಾದರೆ ತಿರಸ್ಕರಿಸಿ ಮಾತಿಗೆ ಕೂರಬಹುದಿತ್ತು. ಸಹಿ ಆಗಿತ್ತಲ್ಲ, ಪೂರ್ತಿ ಹಣ ಹೋಯಿತು. ಈಗ ಹತ್ತಿರದ ಬಂದರಿನಿಂದ ತರಿಸುವುದಕ್ಕೆ ಎಲ್‌ಸಿ ಬಳಸುವುದೇ ಇಲ್ಲ.

ಮೂಲೆಅಂಗಡಿ

ನೋಡಿ, ನಾನು ಹೇಳಿದ್ದಕ್ಕೆ ಅರ್ಧ ಜೀವ ಬಂತು. ಕಾಗದದಲ್ಲಿ ತಪ್ಪು ಹುಡುಕಿದರೆ ಹಣ ನಿಲ್ಲಿಸಬಹುದು ತಾನೇ? ಮಾರುಕಟ್ಟೆ ಬಿದ್ದಾಗ ಒಂದು ಅಕ್ಷರ ತಪ್ಪು ಹಿಡಿದು 10% ರಿಯಾಯಿತಿ ತೆಗೆದುಕೊಂಡವರು ನನಗೆ ಗೊತ್ತು.

ರಫ್ತುಕಡೆ

ಅಂಥವರು ನಮಗೂ ಗೊತ್ತು. ಎರಡನೇ ಸಲ ಅವರಿಗೆ ದರ ಹೇಳುವುದಿಲ್ಲ.

ಹಳೇ ಟ್ರೇಡ್ ಡೆಸ್ಕ್

ಅಕ್ಷರ ತಪ್ಪು ಎಂದರೆ ಎಲ್ಲವೂ ತಪ್ಪಲ್ಲ. ಅರ್ಥ ಬದಲಾಗದ ಟೈಪಿಂಗ್ ದೋಷವನ್ನು ಬ್ಯಾಂಕ್ ಬಿಟ್ಟುಬಿಡುತ್ತದೆ. ಪಂಪ್ ನಮೂನೆಯ ನಂಬರಿನಲ್ಲಿ 321 ಇರಬೇಕಾದಲ್ಲಿ 123 ಬಂದರೆ ಬಿಡುವುದಿಲ್ಲ, ಅದು ಬೇರೆ ವಸ್ತು ಆಗಬಹುದು. ಇನ್‌ವಾಯ್ಸ್‌ನಲ್ಲಿ ಮಾಲಿನ ವಿವರ ಎಲ್‌ಸಿಯಲ್ಲಿ ಇದ್ದದ್ದಕ್ಕೆ ಹೊಂದಲೇಬೇಕು. ಉಳಿದ ಕಾಗದಗಳಲ್ಲಿ ಸಾಮಾನ್ಯವಾಗಿ ಬರೆದರೂ ನಡೆಯುತ್ತದೆ, ವಿರೋಧ ಇರಬಾರದು ಅಷ್ಟೇ.

ತಪ್ಪು ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಬ್ಯಾಂಕ್, ನೀವಲ್ಲ. ತಪ್ಪು ಸಿಕ್ಕಿದರೆ ಅದು ನಿಮ್ಮನ್ನು ಕೇಳಬಹುದು, ಒಪ್ಪುತ್ತೀರಾ ಎಂದು. ತಿರಸ್ಕರಿಸುವುದಾದರೆ ಐದನೇ ಬ್ಯಾಂಕ್ ದಿನ ಮುಗಿಯುವುದರೊಳಗೆ, ಎಲ್ಲ ತಪ್ಪುಗಳನ್ನೂ ಒಂದೇ ಸಲ ಪಟ್ಟಿ ಮಾಡಿ ಹೇಳಬೇಕು. ಆ ದಿನ ದಾಟಿದರೆ ತಪ್ಪಿದ್ದರೂ ಬ್ಯಾಂಕ್ ಹಣ ಕೊಡಲೇಬೇಕು. ಹಾಗಾಗಿ ಬ್ಯಾಂಕ್‌ನಿಂದ ಮೇಲ್ ಬಂದ ದಿನವೇ ಉತ್ತರ ಕೊಡಿ. ನಾಳೆ ನೋಡೋಣ ಎನ್ನುವ ವಿಷಯ ಅಲ್ಲ ಇದು.

ಇಲ್ಲೊಂದು ಖರ್ಚೂ ಇದೆ. ತಪ್ಪಿರುವ ಪ್ರತಿ ಸೆಟ್‌ಗೆ 75ರಿಂದ 120 ಡಾಲರ್‌ವರೆಗೆ ಡಿಸ್ಕ್ರೆಪನ್ಸಿ ಶುಲ್ಕ, ಮಾರುವವರ ಹಣದಿಂದ ಮುರಿದುಕೊಳ್ಳುತ್ತಾರೆ.

ಲೆಕ್ಕಬುಕ್ಕು

ಈಗ ಎಲ್‌ಸಿಯನ್ನೂ ಟಿಟಿಯನ್ನೂ, ಅಂದರೆ ಬ್ಯಾಂಕ್ ಮೂಲಕ ನೇರ ಹಣ ಕಳಿಸುವ ಆ 30% ಮುಂಗಡದ ದಾರಿಯನ್ನೂ, ಪಕ್ಕ ಪಕ್ಕ ಇಡುತ್ತೇನೆ. ಎಲ್ಲರೂ ‘ಟಿಟಿ ಅಗ್ಗ, ಎಲ್‌ಸಿ ದುಬಾರಿ’ ಎನ್ನುತ್ತಾರೆ, ಹಣದ ಬಡ್ಡಿಯನ್ನು ಮಾತ್ರ ಯಾರೂ ಸೇರಿಸುವುದಿಲ್ಲ. ಎರಡರಲ್ಲೂ 300 ಡಾಲರ್‌ನ ಒಂದು ದಿನದ ತಪಾಸಣೆ ಇದೆ ಎಂದುಕೊಳ್ಳಿ. ಮಾಲು 85ನೇ ದಿನ ಕೈಗೆ ಬರುತ್ತದೆ, ಎಲ್‌ಸಿಯ ಹಣವೂ ಅದೇ ಸುಮಾರಿಗೆ ಹೋಗುತ್ತದೆ.

ಎಲ್‌ಸಿಯಲ್ಲಿ 74 ದಿನದ ಲೆಕ್ಕಕ್ಕೆ ಕಮಿಷನ್ 120, ಸ್ವಿಫ್ಟ್ 40, ಪರಿಶೀಲನೆ 75, ಅಂದರೆ 235. ಮಾರ್ಜಿನ್ 85 ದಿನ ಕೂರುವುದಕ್ಕೆ 186. ತಪಾಸಣೆ 300. ರಫ್ತುಕಡೆಯವರು ಹೇಳಿದಂತೆ ದರದಲ್ಲಿ ಬಚ್ಚಿಟ್ಟ 240. ಒಟ್ಟು 961.

ಟಿಟಿಯಲ್ಲಿ 12,000 ಡಾಲರ್ ಮೊದಲ ದಿನವೇ ಹೋಯಿತು. 85 ದಿನದ ಬಡ್ಡಿ 279. ಉಳಿದ 28,000 ಅನ್ನು 60ನೇ ದಿನ ಕೊಟ್ಟಿರಿ, 25 ದಿನದ ಬಡ್ಡಿ 192. ಎರಡು ಸಲ ಹಣ ಕಳಿಸಲು 80. ತಪಾಸಣೆ 300. ಒಟ್ಟು 851.

ವ್ಯತ್ಯಾಸ 110 ಡಾಲರ್. 40,000ದ ಮೇಲೆ ಕಾಲು ಶೇಕಡಾಕ್ಕಿಂತ ಸ್ವಲ್ಪ ಜಾಸ್ತಿ. ಒಂದು ತಿದ್ದುಪಡಿ ಬಿದ್ದರೆ 190 ಆಗುತ್ತದೆ. ಪ್ರೊಫಾರ್ಮಾದ 100 ದಿನವನ್ನೇ ಒಪ್ಪಿದ್ದರೆ ಇನ್ನೂ 120 ಸೇರುತ್ತಿತ್ತು. ನಿಮ್ಮ ಬಡ್ಡಿ 10% ಅಲ್ಲದೆ 6% ಆದರೆ ಟಿಟಿ ಇನ್ನಷ್ಟು ಅಗ್ಗವಾಗಿ ಕಾಣುತ್ತದೆ. ಸ್ವಂತ ಹಣದಲ್ಲಿ ಮಾಡುವವರು ತಮ್ಮ ಲೆಕ್ಕ ತಾವೇ ಹಾಕಿಕೊಳ್ಳಿ.

ಬಂದರುಬದಿ

ಲೆಕ್ಕ ಚೆನ್ನಾಗಿದೆ, ಆದರೆ ನಾನು ಒಪ್ಪುವುದಿಲ್ಲ. ಮುಂಗಡ 30%ರ ಬದಲು 10%ಗೆ ಇಳಿಸಿ, ಉಳಿದದ್ದನ್ನು ತಪಾಸಣಾ ವರದಿ ಕೈಗೆ ಬಂದ ಮೇಲೆ ಕೊಡುತ್ತೇನೆ ಎಂದರೆ, ಅಪಾಯದಲ್ಲಿ ಇರುವುದು 4,000 ಅಷ್ಟೇ. ವರದಿ ನಾನೇ ಓದುತ್ತೇನೆ, ನನಗೆ ಸಮಾಧಾನ ಆಗದಿದ್ದರೆ ಕೊಡುವುದಿಲ್ಲ. ಎಲ್‌ಸಿಯಲ್ಲಿ ಆ ಸ್ವಾತಂತ್ರ್ಯ ಎಲ್ಲಿದೆ?

ಹಳೇ ಟ್ರೇಡ್ ಡೆಸ್ಕ್

ಸ್ವಾತಂತ್ರ್ಯ ಇದೆ, ನಿಜ. ಆದರೆ ವರದಿ ಬಂದು 36,000 ಕಳಿಸಿದ ಮೇಲೆ ಮಾಲು ಹಡಗಿಗೆ ಏರುವ ತನಕ ನಿಮ್ಮ ಕೈಯಲ್ಲಿ ಏನೂ ಇಲ್ಲ. ಹಣವೂ ಇಲ್ಲ, ಬಿಲ್ ಆಫ್ ಲೇಡಿಂಗೂ ಇಲ್ಲ. ತಪಾಸಣೆ ಮಾಡಿದ ಪಂಪ್‌ಗಳೇ ಪೆಟ್ಟಿಗೆಗೆ ಹೋದವು ಎಂಬುದಕ್ಕೂ ಖಾತ್ರಿ ಇಲ್ಲ. ಆ ಕೊನೆಯದು ಎಲ್‌ಸಿಯಲ್ಲೂ ಇರುವ ತೂತೇ, ಬಿಡಿ. ತಪಾಸಣೆಯವರು ಕಂಟೇನರ್ ತುಂಬುವುದನ್ನೂ ನಿಂತು ನೋಡಿ ಸೀಲ್ ನಂಬರ್ ಬರೆದುಕೊಂಡರೆ ಸ್ವಲ್ಪ ಮುಚ್ಚುತ್ತದೆ. ಅದಕ್ಕೆ ಬಹುಶಃ ಇನ್ನೊಂದು ದಿನದ ಶುಲ್ಕ.

ಬಂದರುಬದಿ

ಹೊಸ ಮಾರಾಟಗಾರ ಆದರೆ ನಿಮ್ಮ ಮಾತು ಸರಿ ಇರಬಹುದು. ಮೂರನೇ ಆದೇಶಕ್ಕೂ ಎಲ್‌ಸಿ ಬೇಕೇ ಎಂಬುದು ನನ್ನ ಪ್ರಶ್ನೆ.

ಹೊಸಪಂಪು

ಮೂರನೆಯದನ್ನು ಆಮೇಲೆ ನೋಡೋಣ, ಮೊದಲನೆಯದು ಎಲ್‌ಸಿ ಎಂದು ನಿರ್ಧರಿಸಿದೆ. ಮಾರುವವರಿಗೆ ಕರಡು ಕಳಿಸಿದೆ. 60 ಮತ್ತು 14 ಒಪ್ಪಿದರು. ತಪಾಸಣೆಗೂ ಒಪ್ಪಿದರು, ಶುಲ್ಕ ನನ್ನದು. ಕಾರ್ಖಾನೆಯಲ್ಲಿ ಪರೀಕ್ಷಾ ಬೆಂಚ್ ಇದೆಯಂತೆ, ಒಂದು ಸಲಕ್ಕೆ ಎರಡು ಪಂಪ್ ಮಾತ್ರ. 50ನ್ನೂ ಒತ್ತಡಕ್ಕೆ ಹಾಕಲು ಒಂದು ದಿನ ಸಾಲದು ಎಂದು ತಪಾಸಣೆಯವರು ಹೇಳಿದ್ದಾರೆ. ಮಾರುವವರು ಎರಡು ಹೊಸ ಮಾತು ಸೇರಿಸಿದ್ದಾರೆ. ಭಾಗ ಭಾಗವಾಗಿ ಸಾಗಿಸಲು ಬಿಡಬೇಕಂತೆ. ಮತ್ತೆ ಎಲ್‌ಸಿಯನ್ನು ಅವರ ಕಡೆಯ ಬ್ಯಾಂಕ್ ಕನ್ಫರ್ಮ್ ಮಾಡಬೇಕಂತೆ.

ಹಳೇ ಟ್ರೇಡ್ ಡೆಸ್ಕ್

ಒತ್ತಡದ ಪರೀಕ್ಷೆಯನ್ನು 8 ಪಂಪ್‌ಗೆ ಇಟ್ಟುಕೊಳ್ಳಿ, ಉಳಿದದ್ದಕ್ಕೆ ಅಳತೆ ಮತ್ತು ಹೊರನೋಟ. ಯಾವ ಪರೀಕ್ಷೆ ಎಷ್ಟಕ್ಕೆ ಎಂಬುದು ವಿವರಪಟ್ಟಿಯಲ್ಲಿ ಇರಲಿ, ಎಲ್‌ಸಿಯಲ್ಲಿ ಬೇಡ.

ಭಾಗ ಸಾಗಣೆಯನ್ನು ನಿಷೇಧಿಸಿ. ಸುಮ್ಮನಿದ್ದರೆ ಅನುಮತಿ ಇದೆ ಎಂದೇ ಅರ್ಥ. 43P ಜಾಗದಲ್ಲಿ ಬರೆಯಿಸಿ. ಎರಡು ಸಾಗಣೆ ಎಂದರೆ ಎರಡು ಸೆಟ್ ಕಾಗದ, ಎರಡು ಸಲ 75, ಎರಡು ತಪಾಸಣೆ.

ಕನ್ಫರ್ಮೇಶನ್ ಎಂದರೆ ಅವರ ಕಡೆಯ ಬ್ಯಾಂಕೂ ಹಣ ಕೊಡುತ್ತೇನೆಂದು ಮಾತು ಕೊಡುವುದು. ಅದನ್ನು ಕೇಳಿದರೆ ಅವರಿಗೆ ನಿಮ್ಮ ಬ್ಯಾಂಕ್ ಮೇಲೆ, ಇಲ್ಲವೇ ನಿಮ್ಮ ದೇಶದ ಮೇಲೆ ಪೂರ್ತಿ ನಂಬಿಕೆ ಇಲ್ಲ ಎಂದು. ಅದರ ದರ ದೇಶದಿಂದ ದೇಶಕ್ಕೆ ಬಹಳ ಬದಲಾಗುತ್ತದೆ, ನಿಮ್ಮ ತೆರೆಯುವ ಕಮಿಷನ್‌ಗಿಂತ ಜಾಸ್ತಿ ಆಗಲೂಬಹುದು. ಕೇಳಿದವರೇ ಕೊಡಲಿ ಎನ್ನಿ.

ರಫ್ತುಕಡೆ

ಕೇಳಿದವರು ಕೊಡಲಿ ಎಂದರೆ ಅದೂ ದರಕ್ಕೇ ಸೇರುತ್ತದೆ, ಆಗಲೇ ಹೇಳಿದೆನಲ್ಲ. ಅವರ ಬ್ಯಾಂಕ್‌ನಿಂದ ಬರಹದಲ್ಲಿ ದರ ತರಿಸಿ ನೋಡಲು ಹೇಳಿ. ಸಂಖ್ಯೆ ನೋಡಿದ ಮೇಲೆ ನಮ್ಮಂಥವರು ಎಷ್ಟೋ ಸಲ ಕನ್ಫರ್ಮೇಶನ್ ಬೇಡ ಎಂದುಬಿಡುತ್ತೇವೆ.

ಹೊಸಪಂಪು

ಕೇಳಿದ್ದೇನೆ. ಉತ್ತರ ಬಂದ ಮೇಲೆ ಇಲ್ಲೇ ಹಾಕುತ್ತೇನೆ. ಅಲ್ಲಿಯ ತನಕ ಅರ್ಜಿಗೆ ಸಹಿ ಹಾಕುವುದಿಲ್ಲ.